ಹಿಂದಿನ ಮಳಿಯಾಗ ಎಲ್ಲಿದ್ದಿ?

ಹುಬ್ಬಿ ಮಳೆ: ಹೆಸರಿಲ್ಲದ ಜ್ವರ

ವಿಜಯಪುರ ಜಿಲ್ಲೆಯ ನಮ್ಮ ಮಸೂತಿ ಸೀಮೆಯಲ್ಲಿ ಜ್ವರಕ್ಕೆ ಇರುವುದು ಮೂರೇ ಹೆಸರು. ಪ್ಲೇಟ್‌ಲೆಟ್ ಇಳಿದರೆ ಡೆಂಗಿ, ವಿಡಾಲ್ ಪರೀಕ್ಷೆ ಪಾಸಿಟಿವ್ ಬಂದರೆ ಟೈಫಾಯ್ಡ್, ಎರಡೂ ಇಲ್ಲದಿದ್ದರೆ ವೈರಲ್. ಆದರೆ ಪ್ರತಿ ವರ್ಷ ಈ ದಿನಗಳಲ್ಲಿ ಯಾವ ಹೆಸರಿಗೂ ಒಗ್ಗದ ಕೆಲವು ಜ್ವರಗಳು ಕಣ್ಣಿಗೆ ಬೀಳುತ್ತವೆ. ಟೈಫಾಯ್ಡ್ ಎಂದು ಐದು ದಿನ ಸೂಜಿ ಮಾಡಿಸಿದರೂ ಒಂದು ಜ್ವರ ಇಳಿಯುವುದಿಲ್ಲ. ಇನ್ನೊಂದರಲ್ಲಿ ಕಣ್ಣು ಹಳದಿಯಾಗುತ್ತದೆ. ಕಾಮಣಿ ಎಂದು ನಾಟಿ ಔಷಧ ಕೊಡಿಸುವಷ್ಟರಲ್ಲಿ ಮೂತ್ರ ನಿಂತುಹೋಗಿರುತ್ತದೆ.

ತಾಲ್ಲೂಕಿನಲ್ಲಿ ಕೆಲಸ ಮಾಡುವ ಪರಿಚಯದ ವೈದ್ಯರನ್ನು ಕೇಳಿದೆ. ಅವರು ತಡಮಾಡದೆ ಎರಡು ಹೆಸರು ಹೇಳಿದರು. ಒಂದು ಲೆಪ್ಟೊಸ್ಪೈರೋಸಿಸ್, ಪತ್ರಿಕೆಗಳು ಇಲಿ ಜ್ವರ ಎಂದು ಬರೆಯುವುದು ಇದನ್ನೇ. ಇನ್ನೊಂದು ಸ್ಕ್ರಬ್ ಟೈಫಸ್. ಟೈಫಾಯ್ಡಿಗೂ ಟೈಫಸ್ಸಿಗೂ ಯಾವ ನಂಟೂ ಇಲ್ಲ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಲು ಹೇಳಿದರು. ಆಮೇಲೆ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು:

"ಸರ್ರ, ಜ್ವರ ಬಂದಾವನಿಗೆ ನಾವು 'ಯಾವಾಗಿಂದ ಬಂದೈತಿ' ಅಂತ ಕೇಳತೀವಿ. ಅದರ ಜೋಡಿ 'ಹಿಂದಿನ ಮಳಿಯಾಗ ಎಲ್ಲಿದ್ದಿ, ಏನ್ ಕೆಲಸಾ ಮಾಡಿದಿ' ಅಂತ ಕೇಳಬೇಕರಿ. ಅರ್ಧಾ ಉತ್ತರ ಅಲ್ಲೇ ಇರತೈತಿ."

ಹಿಂದಿನ ಮಳೆಯೇ ಯಾಕೆ? ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮಲ್ಲಿ ಒಂದೊಂದು ನಕ್ಷತ್ರದ ಮಳೆ ಹದಿಮೂರು ಹದಿನಾಲ್ಕು ದಿನ ನಡೆಯುತ್ತದೆ. ಸ್ಕ್ರಬ್ ಟೈಫಸ್‌ನ ರೋಗಾಣು ಮೈ ಸೇರಿದ 6ರಿಂದ 21 ದಿನಗಳ ಒಳಗೆ, ಸಾಮಾನ್ಯವಾಗಿ 10-12ನೇ ದಿನಕ್ಕೆ ಜ್ವರ ಬರುತ್ತದೆ. ಇಲಿ ಜ್ವರ ಎರಡು ದಿನಕ್ಕೂ ಬರಬಹುದು, ಒಂದು ತಿಂಗಳಿಗೂ ಬರಬಹುದು. ಹೆಚ್ಚಾಗಿ ಕಾಣುವುದು 5ರಿಂದ 14 ದಿನಗಳ ನಡುವೆ. ಉತ್ತರಿ ಮಳೆಯಲ್ಲಿ ಮೈಗೆ ಸೇರಿದ್ದು ಹಸ್ತ ಮಳೆಯಲ್ಲಿ ಜ್ವರವಾಗಿ ಹೊರಬೀಳುತ್ತದೆ. ಅಷ್ಟರಲ್ಲಿ ಬದುವಿನ ಹುಲ್ಲು ಕೊಯ್ದದ್ದು, ಕಾಲುವೆಯ ಕೆಸರು ತೆಗೆದದ್ದು ರೋಗಿಗೆ ಮರೆತೇ ಹೋಗಿರುತ್ತದೆ.

ಮತ್ತೊಂದು ದಿನ: ಬರದ ನಾಡಿಗೆ ಮಲೆನಾಡಿನ ಜ್ವರವೇ?

ಇಲಿ ಜ್ವರದ ಸುದ್ದಿ ನಾನು ಓದುತ್ತಿದ್ದದ್ದು ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗದ ಕಡೆಯಿಂದ. ಗದ್ದೆ, ಅಡಿಕೆ ತೋಟ, ತಿಂಗಳುಗಟ್ಟಲೆ ಮಳೆ ಇರುವ ಊರುಗಳು ಅವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ಮಳೆಯೇ ಕಡಿಮೆ. ಎಲ್ಲಕ್ಕಿಂತ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಇಲ್ಲಿ ಆ ರೋಗಕ್ಕೆ ಏನು ಕೆಲಸ?

ಕೂತು ಯೋಚಿಸಿದರೆ, ರೋಗಕ್ಕೆ ಬೇಕಾದದ್ದು ಮಳೆಯ ಅಳತೆಯಲ್ಲ ಎಂದು ಕಾಣುತ್ತದೆ. ಇಲಿ ಜ್ವರದ ರೋಗಾಣು ಲೆಪ್ಟೊಸ್ಪೈರಾ ಎಂಬ ತಿರುಚಿಕೊಂಡ ಎಳೆಯಂಥ ಬ್ಯಾಕ್ಟೀರಿಯಾ. ಇಲಿ, ಹೆಗ್ಗಣ, ದನ, ಹಂದಿ, ನಾಯಿಗಳ ಮೂತ್ರಪಿಂಡದಲ್ಲಿ ಮನೆ ಮಾಡಿಕೊಂಡು ಮೂತ್ರದ ಜೊತೆ ಹೊರಬರುತ್ತದೆ. ಬಿಸಿಲಿಗೆ ಒಣಗಿದರೆ ಸಾಯುತ್ತದೆ, ಒದ್ದೆ ಮಣ್ಣಿನಲ್ಲಿ ಮತ್ತು ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಸೀಳಿದ ಹಿಮ್ಮಡಿ, ಕಬ್ಬಿನ ರವದಿ ಕೊಯ್ದ ಗಾಯ, ನೀರಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು ಬಾಯಿಯ ತೆಳು ಪೊರೆ, ಇವು ಅದಕ್ಕೆ ಬಾಗಿಲು.

ಈಗ ಮಸೂತಿಯ ಸುತ್ತ ನೋಡಿ. ಆಲಮಟ್ಟಿಯ ಹಿನ್ನೀರು, ಮುಳವಾಡ ಏತ ನೀರಾವರಿಯ ಕಾಲುವೆಗಳು, ನೀರು ಬಂದಲ್ಲೆಲ್ಲ ಕಬ್ಬು. ಜೋಳ ತೊಗರಿಯ ಒಣ ಹೊಲದಲ್ಲಿ ಮಳೆ ನಿಂತರೆ ನೆಲ ಒಣಗುತ್ತಿತ್ತು. ಕಬ್ಬಿನ ಹೊಲದಲ್ಲಿ ಆಳೆತ್ತರದ ನೆರಳಿದೆ, ಸದಾ ಹಸಿ ಇದೆ, ಇಲಿ ಹೆಗ್ಗಣಗಳಿಗೆ ತಿನ್ನಲು ಸಿಹಿ ಇದೆ. ಇದರ ಮೇಲೆ ಡೋಣಿ ಹೊಳೆ ತುಂಬಿ ಬಂತೆಂದರೆ ಬಿಲಗಳೆಲ್ಲ ನೀರಾಗಿ ಇಲಿಗಳು ಮನೆಯ ಕಡೆ ಬರುತ್ತವೆ. ಊರೇ ಆ ನೀರಲ್ಲಿ ಕಾಲಿಟ್ಟು ನಡೆಯುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ನೆರೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಕ್ರಬ್ ಟೈಫಸ್‌ಗೆ ನಿಂತ ನೀರೂ ಬೇಕಿಲ್ಲ. ಅದನ್ನು ಹರಡುವುದು ಮಣ್ಣಿನಲ್ಲಿ ಹುಟ್ಟುವ ಒಂದು ನುಸಿಯ ಮರಿ. ಸುಮಾರು 0.2 ಮಿಲಿಮೀಟರ್ ಗಾತ್ರದ್ದಾದ್ದರಿಂದ ಕಣ್ಣಿಗೆ ಬೀಳುವುದೇ ಕಷ್ಟ. ಬೆಳೆದ ನುಸಿ ಮನುಷ್ಯನ ತಂಟೆಗೆ ಬರುವುದಿಲ್ಲ, ಮಣ್ಣಿನಲ್ಲೇ ಸಣ್ಣ ಹುಳುಗಳ ಮೊಟ್ಟೆ ತಿಂದುಕೊಂಡಿರುತ್ತದೆ. ಮರಿ ಮಾತ್ರ ಹುಲ್ಲಿನ ತುದಿಗೆ ಹತ್ತಿ ಇಲಿಗಾಗಿ ಕಾಯುತ್ತದೆ. ಇಲಿಯ ಬದಲು ಮನುಷ್ಯನ ಕಾಲು ತಾಕಿದರೆ ಅವನನ್ನೇ ಹತ್ತುತ್ತದೆ. ರೋಗಾಣುವಿನ ಹೆಸರು ಓರಿಯೆಂಟಿಯಾ ಸುಟ್ಸುಗಮುಷಿ. ತಾಯಿ ನುಸಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಅದು ದಾಟುತ್ತಾ ಹೋಗುವುದರಿಂದ ಒಮ್ಮೆ ಬೇರೂರಿದ ಜಾಗದಲ್ಲಿ ವರ್ಷವರ್ಷವೂ ಇರುತ್ತದೆ. ಪಾಳು ಬಿದ್ದ ಹೊಲ, ಬದುವಿನ ಹುಲ್ಲು, ಹಿತ್ತಲ ಪೊದೆ ಇದ್ದರೆ ಸಾಕು. ರಾಜಸ್ಥಾನದಂಥ ಒಣ ರಾಜ್ಯದಿಂದಲೂ ಮಳೆಗಾಲದ ಬೆನ್ನಿಗೆ ಪ್ರತಿ ವರ್ಷ ಸ್ಕ್ರಬ್ ಟೈಫಸ್ ವರದಿಯಾಗುತ್ತದೆ.

ಹಾಗಾದರೆ ನಮ್ಮಲ್ಲಿ ಇದರ ಹೆಸರು ಕೇಳಿಬರದಿರುವುದಕ್ಕೆ ರೋಗ ಇಲ್ಲ ಎಂಬುದೇ ಕಾರಣ ಎನ್ನಲಾಗದು. ಯಾರೂ ಹುಡುಕದ ರೋಗ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ.

ಉತ್ತರಿ ಮಳೆ: ಇಬ್ಬರನ್ನು ಕಲ್ಪಿಸಿಕೊಂಡು ನೋಡಿದೆ

ಗೊಂದಲ ಬಿಡಿಸಿಕೊಳ್ಳಲು ಒಂದೇ ಓಣಿಯ ಇಬ್ಬರನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಕಲ್ಪಿಸಿ ಬರೆದೆ. ಅಂಕಿಗಳನ್ನು ವೈದ್ಯರಿಗೆ ತೋರಿಸಿ ತಿದ್ದಿಸಿಕೊಂಡೆ.

ಒಬ್ಬಳು ಮೂವತ್ತೆಂಟರ ಹೆಣ್ಣುಮಗಳು. ಸೆಪ್ಟೆಂಬರ್ 18ಕ್ಕೆ ಕಬ್ಬಿನ ಬದುವಿನಲ್ಲಿ ಎಮ್ಮೆಗೆ ಹುಲ್ಲು ಕೊಯ್ದಳು. ಮಧ್ಯಾಹ್ನ ಅಲ್ಲೇ ಹುಲ್ಲಿನ ಮೇಲೆ ಕೂತು ಬುತ್ತಿ ಉಂಡಳು. ಇನ್ನೊಬ್ಬ ನಲವತ್ತೈದರ ಗಂಡಸು. ಸೆಪ್ಟೆಂಬರ್ 22ಕ್ಕೆ ಹೊಲಗಾಲುವೆಯ ಹೂಳು ತೆಗೆದ. ಬರಿಗಾಲು, ಹಿಮ್ಮಡಿ ಸೀಳಿತ್ತು. ಅವಳಿಗೆ ಸೆಪ್ಟೆಂಬರ್ 29ಕ್ಕೆ, ಅವನಿಗೆ 30ಕ್ಕೆ ಜ್ವರ ಬಂತು.

ಮೊದಲ ಮೂರು ದಿನ ಇಬ್ಬರ ಕಥೆಯೂ ಒಂದೇ. ಚಳಿ, ಸುಡುವ ಜ್ವರ, ತಲೆ ಸಿಡಿತ, ಮೈಕೈ ನೋವು, ವಾಂತಿ. ಮೂರನೇ ದಿನ ಇಬ್ಬರ ಪ್ಲೇಟ್‌ಲೆಟ್ಟೂ ಒಂದು ಲಕ್ಷಕ್ಕಿಂತ ಕೆಳಗೆ ಇಳಿದಿದೆ. ಹೊರಗಿನಿಂದ ನೋಡಿದವರಿಗೆ ಇಬ್ಬರದೂ ಡೆಂಗಿ. ಇಬ್ಬರಿಗೂ ಮಲೇರಿಯಾದ ರಕ್ತಲೇಪನ, ಡೆಂಗಿಯ ಎನ್‌ಎಸ್1 ಪರೀಕ್ಷೆ ಮಾಡಿಸಲೇಬೇಕು, ಯಾಕೆಂದರೆ ಅವೂ ಇದೇ ಕಾಲದ ಜ್ವರಗಳು. ಎರಡೂ ಇಲ್ಲವೆಂದು ಬಂತು ಎಂದುಕೊಳ್ಳೋಣ.

ನಾಲ್ಕೈದನೇ ದಿನದಿಂದ ದಾರಿ ಕವಲೊಡೆಯುತ್ತದೆ.

ಗಂಡಸಿಗೆ ಮೀನಖಂಡದ ನೋವು. ಮುಟ್ಟಿದರೆ ಚೀರುತ್ತಾನೆ, ಎದ್ದು ನಿಲ್ಲಲಾರ. ಕಣ್ಣು ಕೆಂಪಾಗಿದೆ, ಆದರೆ ಪಿಸರಿಲ್ಲ, ತುರಿಕೆಯಿಲ್ಲ. ಐದನೇ ದಿನ ಅದೇ ಕೆಂಪು ಕಣ್ಣಿಗೆ ಹಳದಿ ಕೂಡಿತು, ಮೂತ್ರ ಕಡಿಮೆಯಾಯಿತು. ರಕ್ತ ನೋಡಿದರೆ ಬಿಲಿರುಬಿನ್ 9, ಅಂದರೆ ಕಾಮಣಿ ಜೋರಾಗಿದೆ. ಆದರೆ ಯಕೃತ್ತಿನ ಎಸ್‌ಜಿಪಿಟಿ ಬರೀ 80. ಬಿಳಿಕಣ 16,000. ಕ್ರಿಯಾಟಿನಿನ್ 3.2, ಅಂದರೆ ಮೂತ್ರಪಿಂಡ ಸೋಲುತ್ತಿದೆ. ಮೂತ್ರಪಿಂಡ ಸೋತರೆ ಪೊಟ್ಯಾಸಿಯಂ ಏರುವುದು ವಾಡಿಕೆ, ಇವನದು 3.1ಕ್ಕೆ ಇಳಿದಿದೆ.

ನನಗೆ ತಿಳಿಯದಿದ್ದದ್ದು ಇಲ್ಲೇ. ಕಾಮಣಿ ಅಷ್ಟು ಜೋರಿದ್ದರೆ ಎಸ್‌ಜಿಪಿಟಿ ಸಾವಿರ ದಾಟಬೇಕಲ್ಲ? ವೈದ್ಯರು ಬಿಡಿಸಿ ಹೇಳಿದರು. ಸಾಮಾನ್ಯ ಕಾಮಣಿಯಲ್ಲಿ ವೈರಸ್ಸು ಯಕೃತ್ತಿನ ಜೀವಕೋಶಗಳನ್ನೇ ಒಡೆಯುತ್ತದೆ. ಒಡೆದ ಕೋಶದಿಂದ ಎಸ್‌ಜಿಪಿಟಿ ರಕ್ತಕ್ಕೆ ಸುರಿಯುತ್ತದೆ, ಮತ್ತು ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಇಳಿದಿರುತ್ತದೆ. ಇಲಿ ಜ್ವರದಲ್ಲಿ ಕೋಶಗಳು ಅಷ್ಟಾಗಿ ಸಾಯುವುದಿಲ್ಲ, ಪಿತ್ತ ಹರಿಯುವ ವ್ಯವಸ್ಥೆ ಕೆಡುತ್ತದೆ. ಹಾಗಾಗಿ ಹಳದಿ ಹೆಚ್ಚು, ಎಸ್‌ಜಿಪಿಟಿ ಕಡಿಮೆ, ಜ್ವರವೂ ಬಿಡುವುದಿಲ್ಲ. ಹಳದಿ ಕಣ್ಣಿನ ಜೊತೆ ಜ್ವರವೂ ಇದ್ದರೆ, ಮೂತ್ರವೂ ಕಡಿಮೆಯಾದರೆ, ಅದನ್ನು ನಾಟಿ ಔಷಧದ ಕಾಮಣಿ ಎಂದು ಮನೆಯಲ್ಲಿ ಇಟ್ಟುಕೊಳ್ಳಬಾರದು.

ಹೆಣ್ಣುಮಗಳಿಗೆ ಹಳದಿ ಇಲ್ಲ. ಒಣ ಕೆಮ್ಮು ಬಂದಿದೆ, ಏಳನೇ ದಿನಕ್ಕೆ ಉಸಿರು ಮೇಲೆ ಕೆಳಗೆ ಆಗುತ್ತಿದೆ. ಕಂಕುಳಲ್ಲಿ ಗಂಟು ಕೈಗೆ ಸಿಗುತ್ತದೆ. ಬಿಳಿಕಣ ಹೆಚ್ಚೂಕಡಿಮೆ ಸರಿಯಾಗಿದೆ, ಎಸ್‌ಜಿಒಟಿ ಎಸ್‌ಜಿಪಿಟಿ ಎರಡೂ 150ರ ಆಸುಪಾಸು. ಅವಳ ವಿಡಾಲ್ ಪರೀಕ್ಷೆಯಲ್ಲಿ ಮೂರನೇ ದಿನವೇ ಟೈಫಾಯ್ಡ್ ಎಂದು ಬಂದಿತ್ತು. ಅಂದಿನಿಂದ ಸೆಫ್ಟ್ರಿಯಾಕ್ಸೋನ್ ಸೂಜಿ ನಡೆದಿದೆ. ಜ್ವರ ಒಂದು ಡಿಗ್ರಿಯೂ ಇಳಿದಿಲ್ಲ.

ವಿಡಾಲ್ ಯಾಕೆ ಹಾಗೆ ಹೇಳಿತು? ಆ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ದೇಹ ಮಾಡಿಟ್ಟುಕೊಂಡ ಪ್ರತಿಕಾಯಗಳನ್ನು ಹುಡುಕುತ್ತದೆ. ಟೈಫಾಯ್ಡ್ ಹಿಂದೆಂದೋ ಬಂದುಹೋದವರಲ್ಲೂ ಅವು ಉಳಿದಿರುತ್ತವೆ. ಬೇರೆ ಜ್ವರ ಬಂದಾಗಲೂ ಪಾಸಿಟಿವ್ ಬರಬಹುದು. ಒಂದೇ ಒಂದು ವಿಡಾಲ್ ಚೀಟಿಯನ್ನು ನಂಬಿ ವಾರ ಕಳೆಯುವುದು ಈ ಜ್ವರದಲ್ಲಿ ಆಗುವ ಮೊದಲ ಅನಾಹುತ.

ಹಸ್ತ ಮಳೆ: ಮೈಮೇಲಿನ ಗುರುತು

ಸ್ಕ್ರಬ್ ಟೈಫಸ್ ತನ್ನ ರುಜುವನ್ನು ಮೈಮೇಲೆ ಬಿಟ್ಟಿರುತ್ತದೆ. ನುಸಿ ಕಚ್ಚಿದ ಜಾಗದಲ್ಲಿ ಮೊದಲು ಸಣ್ಣ ಗುಳ್ಳೆ, ಆಮೇಲೆ ನಡುವೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಉಂಗುರ. ಬೀಡಿಯಿಂದ ಸುಟ್ಟ ಕಲೆಯ ಹಾಗೆ ಕಾಣುತ್ತದೆ. ವೈದ್ಯರು ಇದಕ್ಕೆ ಎಸ್ಕಾರ್ ಎನ್ನುತ್ತಾರೆ. ಅರ್ಧ ಸೆಂಟಿಮೀಟರಿನಿಂದ ಎರಡು ಸೆಂಟಿಮೀಟರಿನವರೆಗೆ ಇರಬಹುದು. ನೋವಿಲ್ಲ, ತುರಿಕೆಯಿಲ್ಲ. ಆದ್ದರಿಂದ ರೋಗಿಗೇ ಗೊತ್ತಿರುವುದಿಲ್ಲ.

ನುಸಿಮರಿ ಮೈ ಹತ್ತಿ ಬಟ್ಟೆ ಬಿಗಿಯಾದಲ್ಲಿ, ಚರ್ಮ ಮಡಿಚಿ ಬೆವರಿದಲ್ಲಿ ನಿಲ್ಲುತ್ತದೆ. ಗಂಡಸರಲ್ಲಿ ಕಂಕುಳು, ತೊಡೆಯ ಸಂದು, ಗುಪ್ತಾಂಗ, ಉಡದಾರದ ಸುತ್ತ. ಹೆಂಗಸರಲ್ಲಿ ಎದೆಯ ಕೆಳಗೆ, ಹೊಟ್ಟೆ, ಸೀರೆ ಬಿಗಿದ ನಡ. ಕಿವಿಯ ಹಿಂದೆ, ಕತ್ತು, ಬೆನ್ನು, ತಲೆಗೂದಲಿನ ಒಳಗೂ ಇರಬಹುದು. ತೇವವಿರುವ ಸಂದುಗಳಲ್ಲಿ ಕಪ್ಪು ಹಕ್ಕಳೆ ಕಟ್ಟದೆ ಬರೀ ಹಳದಿ ತಳದ ಸಣ್ಣ ಹುಣ್ಣಾಗಿ ಕಾಣುವುದೂ ಉಂಟು.

ಇಲ್ಲಿ ನನ್ನ ಮನಸ್ಸು ಕುಂದಿತು. ನಮ್ಮ ಊರಿನ ಹೆಣ್ಣುಮಕ್ಕಳು ಆಸ್ಪತ್ರೆಗೆ ಹೋದರೆ ಸೆರಗು ಸರಿಸದೆ ಕೈ ಮುಂದೆ ಚಾಚಿ ಸೂಜಿ ಮಾಡಿಸಿಕೊಂಡು ಬರುತ್ತಾರೆ. ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಗುರುತು ಇರುವುದು ಎದೆಯ ಕೆಳಗೆ, ಪರೀಕ್ಷೆ ನಡೆಯುವುದು ಮಣಿಕಟ್ಟಿನಲ್ಲಿ. ನಾನು ಕಲ್ಪಿಸಿದ ಹೆಣ್ಣುಮಗಳ ಕಲೆ ಏಳನೇ ದಿನ ಸಿಕ್ಕಿದ್ದು ನರ್ಸೊಬ್ಬರು ಪರದೆ ಎಳೆದು, "ಯಕ್ಕಾ, ನಾಚಬ್ಯಾಡ, ಮೈಮ್ಯಾಲ ಎಲ್ಲೆರೆ ಕಪ್ಪ ಹಕ್ಕಳಿ ಆಗೇತೇನು ನೋಡೂಣು" ಎಂದಿದ್ದರಿಂದ. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಪರದೆ, ಬೆಳಕು ಮತ್ತು ಒಬ್ಬ ಹೆಣ್ಣುಮಗಳ ಕೈ ಬೇಕು. ಆಶಾ ಕಾರ್ಯಕರ್ತೆ ಮನೆಯಲ್ಲೇ ಮಾಡಬಹುದು, ರೋಗಿಯ ತಾಯಿಯೋ ಅಕ್ಕನೋ ಮಾಡಬಹುದು.

ಒಂದು ಎಚ್ಚರಿಕೆಯನ್ನು ಕೆಳಗೆ ಗೆರೆ ಎಳೆದು ಬರೆದುಕೊಂಡಿದ್ದೇನೆ. ಕಲೆ ಸಿಕ್ಕರೆ ರೋಗ ಬಹುಪಾಲು ಖಚಿತ. ಸಿಗದಿದ್ದರೆ ರೋಗ ಇಲ್ಲ ಎಂದಾಗುವುದಿಲ್ಲ. ಮೈಪೂರ್ತಿ ಹುಡುಕಿದರೂ ಎಷ್ಟೋ ರೋಗಿಗಳಲ್ಲಿ ಅದು ಇರುವುದೇ ಇಲ್ಲ.

ಅದೇ ಮಳೆ, ರಾತ್ರಿ: ಒಂದೇ ಸೂಜಿ, ಎರಡು ಫಲ

ನನ್ನನ್ನು ಬಹಳ ಕಾಡಿದ ಪ್ರಶ್ನೆ ಇದು. ಸೆಫ್ಟ್ರಿಯಾಕ್ಸೋನ್ ದೊಡ್ಡ ಔಷಧ. ನಮ್ಮ ಕಡೆ ಜ್ವರ ಜೋರಾದರೆ ಮೊದಲು ಹಾಕುವ ಸೂಜಿಯೇ ಅದು. ಅದೇ ಸೂಜಿ ಕಾಲುವೆಯ ಗಂಡಸಿಗೆ ನಾಟುತ್ತದೆ, ಬದುವಿನ ಹೆಣ್ಣುಮಗಳಿಗೆ ನಾಟುವುದಿಲ್ಲ. ಯಾಕೆ?

ಉತ್ತರ ರೋಗಾಣು ಇರುವ ಜಾಗದಲ್ಲಿದೆ. ಲೆಪ್ಟೊಸ್ಪೈರಾ ರಕ್ತದಲ್ಲಿ, ಜೀವಕೋಶಗಳ ಹೊರಗೆ ಈಜಾಡುತ್ತದೆ. ಅದಕ್ಕೆ ಹೊರಗೋಡೆ ಇದೆ. ಪೆನಿಸಿಲಿನ್ ಮತ್ತು ಸೆಫ್ಟ್ರಿಯಾಕ್ಸೋನ್ ಕೆಲಸ ಮಾಡುವುದೇ ಬ್ಯಾಕ್ಟೀರಿಯಾದ ಗೋಡೆ ಕಟ್ಟುವುದನ್ನು ನಿಲ್ಲಿಸಿ. ಓರಿಯೆಂಟಿಯಾ ಹಾಗಲ್ಲ. ಅದು ನಮ್ಮ ರಕ್ತನಾಳದ ಒಳಪದರದ ಕೋಶಗಳ ಒಳಗೇ ಹೊಕ್ಕು ಕೂತಿರುತ್ತದೆ. ಅಲ್ಲಿಗೆ ಈ ಔಷಧ ಸರಿಯಾಗಿ ತಲುಪುವುದಿಲ್ಲ. ತಲುಪಿದರೂ ಒಡೆಯಲು ಅಂಥ ಗಟ್ಟಿ ಗೋಡೆಯೇ ಆ ರೋಗಾಣುವಿಗಿಲ್ಲ.

ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಗುಳಿಗೆ ಬೇರೆ ದಾರಿಯಲ್ಲಿ ಹೋಗುತ್ತದೆ. ಅದು ನಮ್ಮ ಕೋಶದೊಳಗೆ ನುಗ್ಗುತ್ತದೆ, ರೋಗಾಣು ತನ್ನ ಪ್ರೋಟೀನ್ ಮಾಡಿಕೊಳ್ಳುವುದನ್ನೇ ತಡೆಯುತ್ತದೆ. ಒಳಗಿರುವ ಓರಿಯೆಂಟಿಯಾಕ್ಕೂ ನಾಟುತ್ತದೆ, ಹೊರಗಿರುವ ಲೆಪ್ಟೊಸ್ಪೈರಾಕ್ಕೂ ನಾಟುತ್ತದೆ. ಎರಡರಲ್ಲಿ ಯಾವುದೆಂದು ತಿಳಿಯದಾಗಲೂ ಕೊಡಬಹುದಾದ ಔಷಧ ಒಂದು ಗುಳಿಗೆಯಲ್ಲೇ ಇದೆ ಎಂದು ತಿಳಿದಾಗ ನನ್ನ ಅರ್ಧ ಗೊಂದಲ ಇಳಿಯಿತು.

ಸೆಫ್ಟ್ರಿಯಾಕ್ಸೋನ್ ಹಾಕಿಯೂ ಇಳಿಯದ ಮಳೆಗಾಲದ ಜ್ವರ ತಾನೇ ಒಂದು ಸುಳಿವು. ಇನ್ನೂ ದೊಡ್ಡ ಸೂಜಿಗೆ ಹೋಗುವ ಮುನ್ನ ಅಲ್ಲಿ ನಿಂತು, ಡಾಕ್ಸಿಸೈಕ್ಲಿನ್ ಕೊಟ್ಟಿದೆಯೇ ಎಂದು ಕೇಳಬೇಕು.

ಚಿತ್ತಿ ಮಳೆ: ಚೀಟಿ ಬರುವವರೆಗೆ ಕಾಯಬೇಕೇ?

ಎರಡೂ ರೋಗಗಳಿಗೆ ಐಜಿಎಂ ಎಲೈಸಾ ಎಂಬ ರಕ್ತಪರೀಕ್ಷೆ ಇದೆ, ಜಿಲ್ಲಾ ಮಟ್ಟದ ಪ್ರಯೋಗಾಲಯಗಳಲ್ಲಿ ಮಾಡುತ್ತಾರೆ. ತೊಡಕೆಂದರೆ ಪ್ರತಿಕಾಯಗಳು ಹುಟ್ಟಲು ಐದರಿಂದ ಏಳು ದಿನ ಬೇಕು. ಮೂರನೇ ದಿನ ರಕ್ತ ಕೊಟ್ಟು "ಇಲ್ಲ" ಎಂದು ಬಂದರೆ ಆ ಚೀಟಿಗೆ ಬೆಲೆಯಿಲ್ಲ. ಅನುಮಾನ ಉಳಿದಿದ್ದರೆ ವಾರದ ಮೇಲೆ ಮತ್ತೊಮ್ಮೆ ನೋಡಬೇಕು. ಇನ್ನೊಂದು ಕಡೆ, ಹುಟ್ಟಿದ ಪ್ರತಿಕಾಯ ತಿಂಗಳುಗಟ್ಟಲೆ ಉಳಿಯುವುದರಿಂದ ಹಳೆಯ ಸೋಂಕಿನವರಲ್ಲೂ "ಇದೆ" ಎಂದು ಬರಬಹುದು. ಮೊದಲ ವಾರದಲ್ಲಿ ಪಿಸಿಆರ್ ಪರೀಕ್ಷೆ ರೋಗಾಣುವನ್ನೇ ಹಿಡಿಯಬಲ್ಲದು, ಆದರೆ ಅದು ಎಲ್ಲ ಕಡೆ ಸಿಗುವುದಿಲ್ಲ.

ಕಾಯುವುದು ಬೇಡ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರ ಮಾರ್ಗಸೂಚಿಯಲ್ಲೇ ಹೇಳಿದೆ. ಕಾರಣ ತಿಳಿಯದ ಜ್ವರ ಐದು ದಿನ ಅಥವಾ ಮೇಲ್ಪಟ್ಟು ಇದ್ದರೆ, ಕಲೆ ಇರಲಿ ಇಲ್ಲದಿರಲಿ, ಸ್ಕ್ರಬ್ ಟೈಫಸ್ ಜಾತಿಯ ಜ್ವರವನ್ನು ಶಂಕಿಸಬೇಕು. ಕಲೆ ಕಂಡರೆ ಐದು ದಿನವೂ ಕಾಯಬೇಕಿಲ್ಲ. ಪ್ರಯೋಗಾಲಯದ ಉತ್ತರಕ್ಕಾಗಿ ಔಷಧ ತಡೆಯಬಾರದು.

ಈ ನಿಯಮದ ಬೆಲೆ ಗೋರಖಪುರದಲ್ಲಿ ಕಂಡಿತು. ಅಲ್ಲಿ ಮಳೆಗಾಲದ ಕೊನೆಗೆ ಪ್ರತಿ ವರ್ಷ ಮಕ್ಕಳು ಮೆದುಳು ಜ್ವರದಿಂದ ಸಾಯುತ್ತಿದ್ದರು. ಎಲ್ಲರೂ ವೈರಸ್ಸಿನ ಬೆನ್ನು ಹತ್ತಿದ್ದರು. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕರೋಗ ಶಾಸ್ತ್ರ ಸಂಸ್ಥೆಯವರೂ ಸೇರಿದಂತೆ ಸಂಶೋಧಕರು ಕಳೆದ ದಶಕದಲ್ಲಿ ತನಿಖೆ ಮಾಡಿದಾಗ, ಅದರಲ್ಲಿ ದೊಡ್ಡ ಪಾಲು ಸ್ಕ್ರಬ್ ಟೈಫಸ್ ಎಂದು ಗೊತ್ತಾಯಿತು. ಮೆದುಳಿಗೆ ಏರುವ ಮೊದಲು ಆ ಮಕ್ಕಳಿಗೆ ಬರೀ ಜ್ವರವಿತ್ತು. ಆಗಲೇ ಸರಿಯಾದ ಗುಳಿಗೆ ಸಿಕ್ಕಿದ್ದರೆ ಅಷ್ಟಕ್ಕೇ ನಿಲ್ಲಬಹುದಿತ್ತು. ನಮ್ಮ ಮಣಿಪಾಲದವರೂ 2014ರಿಂದ ಹಲವು ರಾಜ್ಯಗಳ ಆಸ್ಪತ್ರೆಗಳಲ್ಲಿ ಇಂಥ ಹೆಸರಿಲ್ಲದ ಜ್ವರಗಳ ಮೂಲ ಹುಡುಕುವ ದೊಡ್ಡ ಕೆಲಸ ನಡೆಸಿದರು.

ಔಷಧದ ಪುಟ

ವೈದ್ಯರು ಹೇಳಿದ್ದನ್ನು ಹಾಗೇ ಬರೆದಿದ್ದೇನೆ. ಇದು ಯಾರೂ ತಾವೇ ಅಂಗಡಿಯಿಂದ ತಂದು ನುಂಗಲಿಕ್ಕಲ್ಲ, ಕೊಟ್ಟ ಔಷಧ ಯಾವುದು, ಯಾಕೆ ಎಂದು ತಿಳಿಯಲಿಕ್ಕೆ.

ಸ್ಕ್ರಬ್ ಟೈಫಸ್‌ಗೆ ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಹೊತ್ತು, ಕಡಿಮೆಯೆಂದರೆ 7 ದಿನ. 45 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ತೂಕ ನೋಡಿ, ಕಿಲೋಗೆ ದಿನಕ್ಕೆ 4.5 ಮಿಲಿಗ್ರಾಂನಂತೆ ಎರಡು ಪಾಲು ಮಾಡಿ ಕೊಡುತ್ತಾರೆ. ಬಸುರಿಯರಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ, ಅಜಿತ್ರೊಮೈಸಿನ್ 500 ಮಿಲಿಗ್ರಾಂ ದಿನಕ್ಕೊಂದರಂತೆ 5 ದಿನ. ಉಸಿರಾಟ, ಮೂತ್ರಪಿಂಡ, ಮೆದುಳಿಗೆ ತಾಕಿದ ಗಂಭೀರ ಸ್ಥಿತಿಯಲ್ಲಿ ಎರಡೂ ಔಷಧಗಳನ್ನು ಒಟ್ಟಿಗೆ ರಕ್ತನಾಳಕ್ಕೆ ಕೊಡುವುದು ಒಂದೊಂದನ್ನೇ ಕೊಡುವುದಕ್ಕಿಂತ ಉತ್ತಮ ಎಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರ ಮುಂದಾಳತ್ವದಲ್ಲಿ ಭಾರತದ ಹಲವು ಆಸ್ಪತ್ರೆಗಳು ಮಾಡಿದ ಅಧ್ಯಯನ 2023ರಲ್ಲಿ ತೋರಿಸಿತು.

ಇಲಿ ಜ್ವರ ಹಗುರವಾಗಿದ್ದರೆ ಅದೇ ಡಾಕ್ಸಿಸೈಕ್ಲಿನ್, ಅದೇ ಅಳತೆ, 7 ದಿನ. ಬಸುರಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಅಮಾಕ್ಸಿಸಿಲಿನ್. ಕಣ್ಣು ಹಳದಿಯಾಗಿ ಮೂತ್ರ ಇಳಿದಿದ್ದರೆ ಆಸ್ಪತ್ರೆಯಲ್ಲೇ ಪೆನಿಸಿಲಿನ್, ಇಲ್ಲವೇ ಸೆಫ್ಟ್ರಿಯಾಕ್ಸೋನ್ ದಿನಕ್ಕೆ 1 ಗ್ರಾಂ, 7 ದಿನ. ಮೊದಲ ಡೋಸಿನ ಕೆಲವೇ ಗಂಟೆಗಳಲ್ಲಿ ಚಳಿ ಜ್ವರ ಒಮ್ಮೆಲೇ ಏರಬಹುದು. ಸಾಯುವ ರೋಗಾಣುಗಳಿಗೆ ದೇಹ ತೋರುವ ಪ್ರತಿಕ್ರಿಯೆ ಅದು. ಔಷಧ ಒಗ್ಗಲಿಲ್ಲ ಎಂದು ಬಿಡಿಸಬಾರದು, ಹತ್ತಿರವಿದ್ದು ನೋಡಿಕೊಳ್ಳಬೇಕು. ಮೂತ್ರಪಿಂಡ ಪೂರ್ತಿ ಸೋತರೆ ಕೆಲವು ದಿನ ಡಯಾಲಿಸಿಸ್ ಬೇಕಾಗಬಹುದು. ಬದುಕಿ ಉಳಿದವರಲ್ಲಿ ಬಹುತೇಕರ ಮೂತ್ರಪಿಂಡ ಮತ್ತೆ ಕೆಲಸಕ್ಕೆ ಬರುತ್ತದೆ.

ಗುಳಿಗೆ ನುಂಗುವುದಕ್ಕೂ ಕ್ರಮವಿದೆ. ನಮ್ಮಲ್ಲಿ ಗುಳಿಗೆಯನ್ನು ಹಾಲಿನಲ್ಲೋ ಎರಡು ಗುಟುಕು ಚಹಾದಲ್ಲೋ ನುಂಗಿ ಮಲಗಿಬಿಡುತ್ತಾರೆ. ಡಾಕ್ಸಿಸೈಕ್ಲಿನ್ ಗಂಟಲ ಕೊಳವೆಯಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ. ಊಟವಾದ ಮೇಲೆ ಕೂತುಕೊಂಡು ತುಂಬಿದ ಲೋಟ ನೀರಿನೊಂದಿಗೆ ನುಂಗಬೇಕು, ಆಮೇಲೆ ಅರ್ಧ ಗಂಟೆ ಮಲಗಬಾರದು. ಹಾಲು, ಆಮ್ಲತೆಯ ಔಷಧ, ಕಬ್ಬಿಣಾಂಶದ ಗುಳಿಗೆಗಳ ಜೊತೆಗೆ ತೆಗೆದುಕೊಂಡರೆ ಅದು ರಕ್ತ ಸೇರುವುದು ಕಡಿಮೆಯಾಗುತ್ತದೆ.

ಹೆಣ್ಣುಮಗಳ ಕಥೆ ಹೀಗೆ ಮುಗಿಯುತ್ತದೆ. ಅಕ್ಟೋಬರ್ 5ರ ಸಂಜೆ ಡಾಕ್ಸಿಸೈಕ್ಲಿನ್ ಮತ್ತು ಆಮ್ಲಜನಕ ಶುರು. 7ರ ಸಂಜೆಗೆ ಜ್ವರವಿಲ್ಲ. ಸ್ಕ್ರಬ್ ಟೈಫಸ್ ಈ ಔಷಧಕ್ಕೆ ಸಾಮಾನ್ಯವಾಗಿ 48 ಗಂಟೆಗಳಲ್ಲಿ ಬಗ್ಗುತ್ತದೆ. ಬಗ್ಗದಿದ್ದರೆ ರೋಗ ಬೇರೆ ಇರಬಹುದೇ, ಜೊತೆಗೆ ಇನ್ನೊಂದು ಇದೆಯೇ ಎಂದು ಮತ್ತೆ ಮೊದಲಿನಿಂದ ನೋಡಬೇಕು. ಡೆಂಗಿಯಾಗಿದ್ದರೆ ಈ ಗುಳಿಗೆಯಿಂದ ಏನೂ ಆಗುವುದಿಲ್ಲ. ಗಂಡಸನ್ನು ಐದನೇ ದಿನವೇ ವಿಜಯಪುರಕ್ಕೆ ಕಳಿಸಿದ್ದರಿಂದ ಡಯಾಲಿಸಿಸ್ ಇಲ್ಲದೆ ಮೂತ್ರ ಮರಳಿತು ಎಂದು ಬರೆದೆ. ಎಂಟನೇ ದಿನ ಕಳಿಸಿದ್ದರೆ ಎಂದು ಕೇಳಿದೆ. ವೈದ್ಯರು ಪುಪ್ಪುಸದಲ್ಲಿ ರಕ್ತಸ್ರಾವ ಎಂದರು. ಕೆಮ್ಮಿನಲ್ಲಿ ರಕ್ತ ಕಂಡ ಮೇಲೆ ಉಳಿಸುವುದು ಬಹಳ ಕಷ್ಟ.

ಎರಡು ತಪ್ಪುಗಳನ್ನೂ ಅವರು ಬರೆಸಿದರು. ಮೈಕೈ ನೋವಿಗೆಂದು ಡೈಕ್ಲೊಫಿನಾಕ್ ಸೂಜಿ ಹಾಕಿಸಿದರೆ ಮೊದಲೇ ಸೋಲುತ್ತಿರುವ ಮೂತ್ರಪಿಂಡಕ್ಕೆ ಮತ್ತೊಂದು ಪೆಟ್ಟು. ಪ್ಯಾರಾಸಿಟಮಾಲ್ ಸಾಕು. ಸುಸ್ತಿಗೆಂದು ಅಳತೆಯಿಲ್ಲದೆ ಸಲಾಯಿನ್ ಏರಿಸಿದರೆ, ಸ್ಕ್ರಬ್ ಟೈಫಸ್‌ನಲ್ಲಿ ಸೋರುತ್ತಿರುವ ರಕ್ತನಾಳಗಳಿಂದ ಆ ನೀರು ಪುಪ್ಪುಸಕ್ಕೆ ಇಳಿಯುತ್ತದೆ.

ಸ್ವಾತಿ ಮಳೆ: ತಡೆಯುವುದು

ಎರಡೂ ಜ್ವರ ಮನುಷ್ಯನಿಂದ ಮನುಷ್ಯನಿಗೆ ಗಾಳಿಯಲ್ಲಿ ಹರಡುವುದಿಲ್ಲ. ರೋಗಿಯನ್ನು ದೂರ ಇಡಬೇಕಿಲ್ಲ. ಕಾಪಾಡಿಕೊಳ್ಳಬೇಕಾದದ್ದು ಕೆಲಸದ ಜಾಗದಲ್ಲಿ.

ಬದುವಿನ ಹುಲ್ಲಿನ ಮೇಲೆ ಬರಿಮೈಯಲ್ಲಿ ಕೂರಬಾರದು, ಮಲಗಬಾರದು. ಬುತ್ತಿ ಉಣ್ಣಲು ಚಾಪೆಯೋ ತಾಡಪತ್ರಿಯೋ ಹಾಸಿಕೊಳ್ಳಬೇಕು. ಒಗೆದ ಬಟ್ಟೆಯನ್ನು ಪೊದೆಯ ಮೇಲೆ ಒಣಹಾಕಬಾರದು, ಮೈ ಹತ್ತಲು ಕಾಯುತ್ತಿರುವ ನುಸಿಗೆ ಅದು ಸುಲಭದ ದಾರಿ. ಹೊಲದಿಂದ ಬಂದ ಕೂಡಲೇ ಸಾಬೂನು ಹಚ್ಚಿ ಮೈ ತಿಕ್ಕಿ ತೊಳೆದು ಬಟ್ಟೆ ಬದಲಿಸಬೇಕು. ಕೆಸರಿಗೆ ಇಳಿಯುವವರು ಗಮ್‌ಬೂಟು ಹಾಕಬೇಕು, ಗಾಯವಿದ್ದರೆ ನೀರು ಹೋಗದಂತೆ ಕಟ್ಟಬೇಕು. ಕಾಲುವೆ ಹೂಳೆತ್ತಿಸುವ ಗುತ್ತಿಗೆದಾರರು ಸಲಿಕೆಯ ಜೊತೆ ಬೂಟನ್ನೂ ಕೊಡುವುದು ನ್ಯಾಯ.

ನೆರೆ ಬಂದಾಗ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ವಾರಕ್ಕೊಮ್ಮೆ ಕೊಡುವ ಪದ್ಧತಿಯೂ ಇದೆ. ಅಂಡಮಾನಿನಲ್ಲಿ ನಡೆದ ಪ್ರಯೋಗವೊಂದು 2000ದಲ್ಲಿ ಪ್ರಕಟವಾಯಿತು. ಸೋಂಕು ತಗುಲುವುದು ನಿಲ್ಲಲಿಲ್ಲ, ರೋಗವಾಗಿ ಕಾಡುವುದು ಕಡಿಮೆಯಾಯಿತು. 2018ರ ನೆರೆಯಲ್ಲಿ ಕೇರಳ ಸರ್ಕಾರ ಪರಿಹಾರ ಕೆಲಸ ಮಾಡುವವರಿಗೆ, ನೀರಲ್ಲಿ ಸಿಕ್ಕವರಿಗೆ ಇದನ್ನು ಹಂಚಿತು. ಕೆಲವು ವಾರಗಳ ಅಪಾಯಕ್ಕೆ ಇದು ಸರಿ. ಇಡೀ ಮಳೆಗಾಲ ಎಲ್ಲರೂ ನುಂಗುತ್ತಾ ಕೂರುವ ಔಷಧವಲ್ಲ.

ಕೊನೆಯ ಪುಟ: ಓದುವವರಿಗೆ

ಮಳೆಗಾಲದಲ್ಲಿ, ಮಳೆ ನಿಂತ ತಿಂಗಳಲ್ಲಿ, ಮನೆಯವರ ಜ್ವರ ಐದನೇ ದಿನಕ್ಕೆ ಕಾಲಿಟ್ಟರೆ ಸರ್ಕಾರಿ ವೈದ್ಯರ ಬಳಿ ಹೋಗಿ ಮೂರು ಮಾತು ನೀವಾಗಿಯೇ ಹೇಳಿ. ಹಿಂದಿನ ಹದಿನೈದು ಇಪ್ಪತ್ತು ದಿನದಲ್ಲಿ ಹುಲ್ಲು, ಕೆಸರು, ಕೊಟ್ಟಿಗೆಯ ಯಾವ ಕೆಲಸ ಮಾಡಿದಿರಿ. ಮೈಮೇಲೆ ಕಪ್ಪು ಹಕ್ಕಳೆ ಇದೆಯೇ, ಹುಡುಕಿದ್ದೀರಾ. ಈಗಾಗಲೇ ಯಾವ ಸೂಜಿ ಎಷ್ಟು ದಿನ ಆಗಿದೆ. ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ, ಮಾತು ತೊದಲಿದರೆ, ಎಲ್ಲಿಂದಾದರೂ ರಕ್ತ ಬಂದರೆ ಐದನೇ ದಿನಕ್ಕೂ ಕಾಯದೆ ಅಂದೇ ದೊಡ್ಡ ಆಸ್ಪತ್ರೆಗೆ ಹೊರಡಿ. ಎರಡೂ ಜ್ವರಕ್ಕೆ ಔಷಧವಿದೆ, ಅದು ಅಗ್ಗವಿದೆ, ಮೊದಲ ವಾರದಲ್ಲಿ ಕೊಟ್ಟರೆ ಬಹುತೇಕ ಎಲ್ಲರೂ ಉಳಿಯುತ್ತಾರೆ.